ಮೀನುಗಾರಿಕೆಗೆ ರಜೆ ಬಿದ್ದಾಗ ಕಂತು ತಪ್ಪಿದರೆ ಸರಕಾರದ ಪಾಲು ಏನಾಗುತ್ತದೆ?

"ನನ್ನ ಗಂಡ ಮಲ್ಪೆಯಲ್ಲಿ ಬೋಟಿಗೆ ಹೋಗುವವರು, ವಯಸ್ಸು 38. ನನಗೆ 35. ನಾನು ಅಡಿಕೆ ತೋಟಗಳಿಗೆ ಸೀಸನ್ನಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ಮೊದಲು ಎಂಟು ವರ್ಷ ಬೀಡಿ ಕಟ್ಟಿದ್ದೆ, ಅದರ ಪಿಎಫ್ ಇನ್ನೂ ತೆಗೆದಿಲ್ಲ. ನಾವು ಅರ್ಧ ಕಟ್ಟಿದರೆ ಸರಕಾರ ಅರ್ಧ ಕಟ್ಟುವ ಪಿಂಚಣಿ ಉಂಟು ಎಂದು ಕೇಳಿದೆ. ಜೂನ್, ಜುಲೈಯಲ್ಲಿ ಇಬ್ಬರಿಗೂ ದುಡಿಮೆ ಇಲ್ಲ. ಆಗ ಕಂತು ತಪ್ಪಿದರೆ ಸರಕಾರ ಹಾಕಿದ್ದು ಹೋಗುತ್ತದಾ? ಮೀನುಗಾರರಿಗೆ ಬೇರೆ ಏನಾದರೂ ಉಂಟಾ?"
(ಉಡುಪಿ ಜಿಲ್ಲೆಯ ಓದುಗರೊಬ್ಬರು)

ಒಂದೆರಡು ಕಂತು ತಪ್ಪಿದ ಮಾತ್ರಕ್ಕೆ ಹಿಂದೆ ಹಾಕಿದ್ದು ಹೋಗುವುದಿಲ್ಲ. ಆದರೆ ತಪ್ಪಿದ ತಿಂಗಳಿಗೆ ಸರಕಾರದ ಪಾಲು ಬರುವುದೂ ಇಲ್ಲ. ನಡುವಿನಲ್ಲಿ ಯೋಜನೆಯನ್ನೇ ಬಿಟ್ಟರೆ ಮಾತ್ರ ಸರಕಾರ ಹಾಕಿದ್ದು ಪೂರ್ತಿ ಕೈತಪ್ಪುತ್ತದೆ. ಇವೆರಡರ ವ್ಯತ್ಯಾಸ ಗೊತ್ತಿಲ್ಲದೆ, ಎರಡು ಕಂತು ತಪ್ಪಿದ ಕೂಡಲೇ "ಇನ್ನು ಅದು ಮುಗಿಯಿತು" ಎಂದು ಕೈಬಿಟ್ಟವರನ್ನು ಮೀನುಗಾರರ ಸೊಸೈಟಿಯ ಕೆಲಸದಲ್ಲಿದ್ದಾಗ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ಹಾಗಾಗಿ ಮೊದಲು ನಿಮ್ಮ ಯಜಮಾನರ ಲೆಕ್ಕವನ್ನೇ ಬಿಡಿಸಿ ಹೇಳುತ್ತೇನೆ. ನಿಮ್ಮದು ಬೇರೆ ದಾರಿ, ಅದು ಆಮೇಲೆ.

ನೀವು ಕೇಳಿದ ಪಿಂಚಣಿಯ ಹೆಸರು ಪ್ರಧಾನ ಮಂತ್ರಿ ಶ್ರಮಯೋಗಿ ಮಾನ್‌ಧನ್. 2019ರಲ್ಲಿ ಶುರುವಾದದ್ದು. 18ರಿಂದ 40 ವರ್ಷದೊಳಗಿನ, ತಿಂಗಳ ಆದಾಯ 15,000 ರೂಪಾಯಿ ಮೀರದ ಅಸಂಘಟಿತ ಕಾರ್ಮಿಕರು ಸೇರಬಹುದು. ಬೋಟಿನ ಕೆಲಸ, ತೋಟದ ಕೂಲಿ ಎರಡೂ ಇದರೊಳಗೆ ಬರುತ್ತವೆ. ಆದಾಯ ತೆರಿಗೆ ಕಟ್ಟುವವರಿಗೆ, ಪಿಎಫ್ ಅಥವಾ ಇಎಸ್‌ಐ ಇರುವವರಿಗೆ ಇಲ್ಲ. 60 ತುಂಬಿದ ಮೇಲೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಸೇರುವಾಗಿನ ವಯಸ್ಸಿನ ಮೇಲೆ ಕಂತು ನಿಗದಿಯಾಗುತ್ತದೆ, ಆಮೇಲೆ ಕೊನೆಯವರೆಗೆ ಅದೇ ಮೊತ್ತ. 18ರಲ್ಲಿ ಸೇರಿದವರಿಗೆ 55 ರೂಪಾಯಿ, 29ರಲ್ಲಿ 100, 40ರಲ್ಲಿ 200.

ನಿಮ್ಮ ಯಜಮಾನರಿಗೆ 38. ಅವರ ಕಂತು ತಿಂಗಳಿಗೆ 180 ರೂಪಾಯಿ. 60ರ ತನಕ 22 ವರ್ಷ, ಅಂದರೆ 264 ಕಂತು, ಒಟ್ಟು 47,520 ರೂಪಾಯಿ ಅವರ ಕೈಯಿಂದ ಹೋಗುತ್ತದೆ. ಅಷ್ಟೇ ಮೊತ್ತವನ್ನು ಕೇಂದ್ರ ಸರಕಾರ ಸೇರಿಸುತ್ತದೆ. ನಿಧಿಯನ್ನು ನೋಡಿಕೊಳ್ಳುವುದು ಎಲ್‌ಐಸಿ. ಪಿಂಚಣಿ ಶುರುವಾದ ಮೇಲೆ ವರ್ಷಕ್ಕೆ 36,000 ಬರುವುದರಿಂದ ಅವರು 22 ವರ್ಷ ಕಟ್ಟಿದ್ದು ಹದಿನಾರು ತಿಂಗಳಲ್ಲೇ ಕೈಗೆ ವಾಪಸು. ಆದರೆ ಇನ್ನೊಂದು ಮಾತೂ ಹೇಳಬೇಕು. ಆ 3,000 ಬೆಲೆ ಏರಿದಂತೆ ಏರುವ ಮೊತ್ತವಲ್ಲ. 22 ವರ್ಷದ ನಂತರ ಅದಕ್ಕೆ ಈಗಿನಷ್ಟು ಅಕ್ಕಿ, ಮೀನು ಬರುವುದಿಲ್ಲ. ಅದೊಂದನ್ನೇ ನಂಬಿ ಕೂರಬೇಡಿ.

ಈ ಸರಕಾರದ ಪಾಲಿನ ಸ್ವಭಾವವನ್ನು ಸರಿಯಾಗಿ ತಿಳಿದುಕೊಳ್ಳಿ. ಅದು ವರ್ಷದ ಕೊನೆಗೆ ಒಟ್ಟಿಗೆ ಬಂದು ಬೀಳುವ ಸಹಾಯಧನವಲ್ಲ. ನಿಮ್ಮ ಕಂತು ಖಾತೆಯಿಂದ ಹೋದರೆ ಅದರ ಬೆನ್ನಿಗೇ ಅಷ್ಟು ಬರುತ್ತದೆ. ಕಂತು ಹೋಗದಿದ್ದರೆ ಬರುವುದಿಲ್ಲ. ಜೂನ್, ಜುಲೈ ತಪ್ಪಿತೆಂದು ಇಟ್ಟುಕೊಳ್ಳಿ. ಬಾಕಿ 360 ರೂಪಾಯಿ ಪೂರ್ತಿಯಾಗಿ, ಸರಕಾರ ನಿಗದಿ ಮಾಡಿದ ದಂಡದ ಸಮೇತ ಕಟ್ಟಿದರೆ ಖಾತೆ ಮತ್ತೆ ಕ್ರಮಕ್ಕೆ ಬರುತ್ತದೆ. ಅರ್ಧ ಬಾಕಿ ಕಟ್ಟಿ ಅರ್ಧ ಉಳಿಸಿಕೊಳ್ಳುವ ಹಾಗಿಲ್ಲ.

ಇನ್ನು ಬಿಟ್ಟು ಹೋದರೆ ಏನು? ಸೇರಿ ಹತ್ತು ವರ್ಷ ಆಗುವ ಮೊದಲೇ ಬಿಟ್ಟರೆ ಕೈಗೆ ಬರುವುದು ನೀವು ಕಟ್ಟಿದ್ದು ಮತ್ತು ಉಳಿತಾಯ ಖಾತೆಯ ದರದ ಬಡ್ಡಿ, ಅಷ್ಟೇ. ಹತ್ತು ವರ್ಷ ಕಳೆದು 60ರ ಒಳಗೆ ಬಿಟ್ಟರೆ ನಿಮ್ಮ ಪಾಲಿನ ಮೇಲೆ ನಿಧಿ ನಿಜವಾಗಿ ಗಳಿಸಿದ ಬಡ್ಡಿ ಅಥವಾ ಉಳಿತಾಯ ಖಾತೆಯ ಬಡ್ಡಿ, ಎರಡರಲ್ಲಿ ಹೆಚ್ಚಿನದು ಸಿಗುತ್ತದೆ. ಎರಡೂ ಸಂದರ್ಭದಲ್ಲಿ ಸರಕಾರದ ಪಾಲು ನಿಧಿಯಲ್ಲೇ ಉಳಿಯುತ್ತದೆ. ಅದು ಪಿಂಚಣಿಯ ರೂಪದಲ್ಲಿ ಮಾತ್ರ ನಿಮ್ಮ ಮನೆಗೆ ಬರುವ ಹಣ, ಇಡಿಗಂಟಾಗಿ ಎಂದೂ ಬಾರದು. 60ರ ಮೊದಲೇ ಅವರಿಗೆ ಏನಾದರೂ ಆದರೆ ನೀವು ಕಂತು ಮುಂದುವರಿಸಬಹುದು, ಇಲ್ಲವೇ ಅವರು ಕಟ್ಟಿದ್ದನ್ನು ಬಡ್ಡಿಯೊಂದಿಗೆ ಪಡೆದು ಬಿಡಬಹುದು. ಪಿಂಚಣಿ ಶುರುವಾದ ಮೇಲೆ ಅವರು ತೀರಿಹೋದರೆ ನಿಮಗೆ ಅದರ ಅರ್ಧ, 1,500 ರೂಪಾಯಿ. ಮಕ್ಕಳಿಗೆ ಬರುವುದಿಲ್ಲ. ಗಂಡ ಹೆಂಡತಿ ಇಬ್ಬರ ಕಾಲವೂ ಮುಗಿದ ಮೇಲೆ ಉಳಿದದ್ದು ನಿಧಿಗೇ ಸೇರುತ್ತದೆ.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ನಾಡದೋಣಿಯವರಿಗಾದರೂ ಮಳೆಗಾಲದ ಮೀನು ಉಂಟು, ಟ್ರಾಲ್ ಬೋಟಿನ ಕಲಾಸಿಗೆ ಅದೂ ಇಲ್ಲ. ಹೆಚ್ಚಿನವರು ಎರಡು ತಿಂಗಳ ಲೆಕ್ಕ ಹಾಕುತ್ತಾರೆ. ನಾನು ಮೂರು ಎನ್ನುತ್ತೇನೆ. ಆಗಸ್ಟ್ 1ಕ್ಕೆ ಬೋಟು ಇಳಿದರೂ ಗಾಳಿಮಳೆಗೆ ಕೆಲವು ದಿನ ದಕ್ಕೆಯಲ್ಲೇ ನಿಲ್ಲುತ್ತದೆ. ಹೊರಟ ಮೇಲೆ ಮೀನು ಬಂದು, ಡೀಸೆಲ್, ಐಸು, ರೇಶನ್ನಿನ ಖರ್ಚು ಕಳೆದು ಪಾಲು ಕೈಗೆ ಸಿಗುವಾಗ ತಿಂಗಳು ಮುಗಿಯುತ್ತ ಬಂದಿರುತ್ತದೆ. ಆದ್ದರಿಂದ ಖಾತೆಯಲ್ಲಿ ಇರಬೇಕಾದದ್ದು 360 ಅಲ್ಲ, 540.

ಅದೂ ಸಾಲುವುದಿಲ್ಲ. ಕಂತು ತಪ್ಪಿದ ಪಾಸ್‌ಬುಕ್ಕುಗಳನ್ನು ಬಿಡಿಸಿ ನೋಡಿದಾಗ ನನಗೆ ಮತ್ತೆ ಮತ್ತೆ ಕಂಡದ್ದು ಮೇ ಕೊನೆಯ ವಾರದ ಎರಡು ಕಡಿತಗಳು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮತ್ತು ಜೀವನ್ ಜ್ಯೋತಿ ಬಿಮಾ, ಈ ಎರಡೂ ವಿಮೆಗಳ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುತ್ತದೆ. ಹಾಗಾಗಿ ಒಂದರ 20 ರೂಪಾಯಿ, ಇನ್ನೊಂದರ 436 ರೂಪಾಯಿ, ಒಟ್ಟು 456, ಮೀನುಗಾರಿಕೆಗೆ ರಜೆ ಬೀಳುವ ಹೊಸ್ತಿಲಲ್ಲೇ ಖಾತೆಯಿಂದ ಹೋಗುತ್ತದೆ. ಪಿಂಚಣಿಯ ಕಂತಿಗೆಂದು ಇಟ್ಟ ಹಣವನ್ನು ವಿಮೆ ತೆಗೆದುಕೊಳ್ಳುತ್ತದೆ, ಜೂನಿನ ಕಂತು ವಾಪಸಾಗುತ್ತದೆ. ಈ ಎರಡು ವಿಮೆ ನಿಮ್ಮ ಯಜಮಾನರಿಗೂ ಇದ್ದರೆ 540ಕ್ಕೆ 456 ಸೇರಿಸಿ, ಮೇ 20ರ ಒಳಗೆ ಸುಮಾರು 1,000 ರೂಪಾಯಿ ಖಾತೆಯಲ್ಲಿರಲಿ. ಸ್ವಸಹಾಯ ಸಂಘದ ಸಾಲದ ಕಂತು ಹೋಗುವ ಖಾತೆಗೆ ಈ ಪಿಂಚಣಿಯನ್ನು ಜೋಡಿಸಲೇಬೇಡಿ. ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲದ ಜನಧನ್ ಖಾತೆಯೊಂದನ್ನು ಇದಕ್ಕೇ ಬಿಟ್ಟರೆ ಒಳ್ಳೆಯದು.

ಸೇರುವುದು ಸಿಎಸ್‌ಸಿ ಕೇಂದ್ರದಲ್ಲಿ. ಆಧಾರ್, ಪಾಸ್‌ಬುಕ್, ಮೊಬೈಲು ಬೇಕು. ಮೊದಲ ಕಂತನ್ನು ಅಲ್ಲೇ ನಗದಾಗಿ ಕೊಡಬೇಕು, ಮುಂದಿನದು ಖಾತೆಯಿಂದ ತಾನಾಗಿ ಹೋಗುತ್ತದೆ. maandhan.in ತಾಣದಲ್ಲಿ ಸ್ವತಃ ಸೇರಲೂಬಹುದು. ಅಲ್ಲಿ ಅಥವಾ ಬ್ಯಾಂಕಿನಲ್ಲಿ "ಸರಕಾರದ ಪಿಂಚಣಿ" ಎಂದಷ್ಟೇ ಹೇಳಿದರೆ ಅಟಲ್ ಪಿಂಚಣಿಗೆ ಹೆಸರು ಬರೆದುಬಿಡುವುದುಂಟು. ಅದೂ ಕೆಟ್ಟ ಯೋಜನೆಯಲ್ಲ, ಆದರೆ ಈಗ ಸೇರುವವರ ಕಂತಿಗೆ ಸರಕಾರ ಪಾಲು ಹಾಕುವುದಿಲ್ಲ. 2016ರ ಮಾರ್ಚ್ ಒಳಗೆ ಸೇರಿದ ಅರ್ಹರಿಗೆ ಮಾತ್ರ ಐದು ವರ್ಷ, ವರ್ಷಕ್ಕೆ ಹೆಚ್ಚೆಂದರೆ 1,000 ರೂಪಾಯಿಯಂತೆ ಹಾಕಿತ್ತು. ಗುರುತಿಸುವುದು ಸುಲಭ. 38ರಲ್ಲಿ ಸೇರಿದವರಿಗೆ ಅದೇ 3,000 ರೂಪಾಯಿಯ ಪಿಂಚಣಿಗೆ ಅಟಲ್‌ನಲ್ಲಿ ತಿಂಗಳಿಗೆ 720 ಹೋಗುತ್ತದೆ, ಶ್ರಮಯೋಗಿಯಲ್ಲಿ 180. ಪಾಸ್‌ಬುಕ್ಕಿನಲ್ಲಿ 720 ಕಂಡರೆ ನೀವು ಬೇರೆ ಯೋಜನೆಯಲ್ಲಿದ್ದೀರಿ ಎಂದು ತಿಳಿಯಿರಿ. ನ್ಯಾಯವಾಗಿ ಹೇಳಬೇಕೆಂದರೆ ಅಟಲ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿದ ಮೇಲೆ ನಾಮಿನಿಗೆ ಇಡಿಗಂಟು ಸಿಗುತ್ತದೆ, 3,000ದ ಪಿಂಚಣಿಗೆ 5.1 ಲಕ್ಷ. ಶ್ರಮಯೋಗಿಯಲ್ಲಿ ಅದಿಲ್ಲ. ಆದರೂ ವರ್ಷಕ್ಕೆ ಎರಡು ತಿಂಗಳು ದುಡಿಮೆ ನಿಲ್ಲುವ ಮನೆಗೆ 720ರ ಕಂತು ಭಾರ ಎಂದೇ ನನ್ನ ಅಭಿಪ್ರಾಯ.

ಇನ್ನು ನಿಮ್ಮ ವಿಷಯ. ಬೀಡಿ ಕಟ್ಟುವುದನ್ನು ಬಿಟ್ಟು ವರ್ಷಗಳಾದವು, ಈಗ ತೋಟದ ಕೆಲಸ, ಹಾಗಾಗಿ ಪಿಎಫ್ ಸದಸ್ಯತ್ವ ಇಲ್ಲ ಎಂದು ನೀವು ತಿಳಿದಿರಬಹುದು. ಪಿಎಫ್ ನಿಯಮ ಹಾಗೆ ಹೇಳುವುದಿಲ್ಲ. ಖಾತೆಯಲ್ಲಿರುವ ಹಣವನ್ನು ಪೂರ್ತಿ ತೆಗೆಯುವ ತನಕ ನೀವು ಸದಸ್ಯರೇ. ಶ್ರಮಯೋಗಿಗೆ ಸೇರುವಾಗ "ನಾನು ಪಿಎಫ್ ಸದಸ್ಯೆಯಲ್ಲ" ಎಂದು ಸ್ವಯಂ ಘೋಷಣೆ ಕೊಡಬೇಕಾಗುತ್ತದೆ. ಈಗ ಅದನ್ನು ಕೊಟ್ಟರೆ ಸುಳ್ಳಾಗುತ್ತದೆ. ಅಲ್ಲಿ ಕುಳಿತವರು "ಪರವಾಗಿಲ್ಲ, ಟಿಕ್ ಮಾಡಿ" ಎಂದರೂ ಮಾಡಬೇಡಿ. ಮುಂದೆ ಪಿಂಚಣಿಯ ಹೊತ್ತಿಗೆ ಉತ್ತರ ಕೊಡಬೇಕಾದವರು ನೀವು.

ನಿಮ್ಮ ಬೀಡಿ ಪಿಎಫ್‌ನಲ್ಲೂ ಸರಕಾರದ ಪಾಲು ಉಂಟು ಎನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ತಿಂಗಳ ಮಜೂರಿ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಬೀಡಿ ಉದ್ಯಮದಲ್ಲಿ ಪಿಎಫ್ ದರ ಶೇ. 10. ನಿಮ್ಮಿಂದ 600 ಕಡಿತವಾಗಿ ಪಿಎಫ್‌ಗೆ ಹೋಗುತ್ತದೆ. ಮಾಲಕರು ಹಾಕುವ 600ರಲ್ಲಿ ಶೇ. 8.33, ಅಂದರೆ 500ರಷ್ಟು ಪಿಂಚಣಿ ನಿಧಿಗೆ, ಉಳಿದ 100 ಪಿಎಫ್‌ಗೆ. ಇದರ ಮೇಲೆ ಕೇಂದ್ರ ಸರಕಾರ ಪಿಂಚಣಿ ನಿಧಿಗೆ ಮಜೂರಿಯ ಶೇ. 1.16, ಸುಮಾರು 70 ರೂಪಾಯಿ ಸೇರಿಸುತ್ತದೆ. ಆ ಪಿಂಚಣಿಯ ಹಕ್ಕು ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಆರು ತಿಂಗಳು ಅಥವಾ ಹೆಚ್ಚಿನ ತುಂಡನ್ನು ಒಂದು ವರ್ಷವೆಂದು ಎಣಿಸುವುದರಿಂದ ಒಂಬತ್ತೂವರೆ ವರ್ಷವಾದರೆ ಸಾಕು. ನಿಮಗೆ ಎಂಟಾಗಿದೆ. ಇನ್ನು ಒಂದೂವರೆ ವರ್ಷ ಕಟ್ಟಿದರೆ 58ರ ನಂತರ ಜೀವನಪೂರ್ತಿ ಪಿಂಚಣಿ. ಅದರ ಲೆಕ್ಕ ಸರಳ: ಮಜೂರಿಯನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. 6,000ಕ್ಕೆ ಹತ್ತು ವರ್ಷಕ್ಕೆ 857 ಬರುತ್ತದೆ, ಕನಿಷ್ಠ ಪಿಂಚಣಿ 1,000 ಇರುವುದರಿಂದ 1,000 ಸಿಗುತ್ತದೆ.

ಈಗ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. 35ರಲ್ಲಿ ಶ್ರಮಯೋಗಿ ಸೇರಿದರೆ ನಿಮ್ಮ ಕಂತು 150, ಇಪ್ಪತ್ತೈದು ವರ್ಷಕ್ಕೆ 45,000, ಪಿಂಚಣಿ 3,000. ಬೀಡಿಯ ಬ್ರಾಂಚಿನಲ್ಲಿ ಮತ್ತೆ ಎಲೆ ಕೊಡುತ್ತಾರೆ, ತೋಟದ ಕೆಲಸವಿಲ್ಲದಾಗ ಮನೆಯಲ್ಲಿ ಕುಳಿತು ಕಟ್ಟಬಲ್ಲೆ, ಮುಂದೆಯೂ ಹತ್ತಾರು ವರ್ಷ ಬಿಡುವುದಿಲ್ಲ ಎಂದಾದರೆ ಪಿಎಫ್‌ನಲ್ಲೇ ಉಳಿಯಿರಿ. ಸೇವೆ ಬೆಳೆದಷ್ಟೂ ಪಿಂಚಣಿ ಬೆಳೆಯುತ್ತದೆ, ಜೊತೆಗೆ ಪಿಎಫ್ ಮೊತ್ತವೂ ಬಡ್ಡಿ ಸೇರಿ ನಿಮ್ಮದೇ. ಬೀಡಿಯ ಸಹವಾಸ ಮುಗಿಯಿತು ಎಂದಾದರೆ ಆ ಖಾತೆಯನ್ನು ಹೀಗೇ ನಿದ್ರೆಗೆ ಬಿಡುವುದರಲ್ಲಿ ಅರ್ಥವಿಲ್ಲ. ಪಿಎಫ್ ಹಣ ಪೂರ್ತಿ ತೆಗೆಯಿರಿ, ಪಿಂಚಣಿ ನಿಧಿಯ ಹಣಕ್ಕೆ ನಮೂನೆ 10ಸಿ ಹಾಕಿ ಅದನ್ನೂ ಪಡೆಯಿರಿ, ಖಾತೆ ಮುಚ್ಚಿದ ದಾಖಲೆ ಕೈಯಲ್ಲಿ ಇಟ್ಟುಕೊಂಡು ಶ್ರಮಯೋಗಿ ಸೇರಿ. ನೀವು ಬರೆದದ್ದನ್ನು ಓದಿದರೆ ನಿಮಗೆ ಈ ಎರಡನೆಯದೇ ಸರಿ ಎಂದು ನನಗೆ ತೋರುತ್ತದೆ. ಆದರೆ 40 ದಾಟಿದರೆ ಆ ಬಾಗಿಲು ಮುಚ್ಚುತ್ತದೆ, ತಡವಾದ ಪ್ರತಿ ವರ್ಷಕ್ಕೆ ಕಂತೂ 10 ರೂಪಾಯಿ ಏರುತ್ತದೆ. ಪಿಎಫ್ ದಾಖಲೆಯಲ್ಲಿ ನಿಮ್ಮ ಹೆಸರು ಮದುವೆಗೆ ಮುಂಚಿನದೋ, ಆಧಾರಿನಲ್ಲಿ ಹುಟ್ಟಿದ ದಿನ ಬೇರೆಯೋ ಎಂದು ಮೊದಲು ನೋಡಿ. ಬೀಡಿಯವರ ಅರ್ಜಿ ಹಿಂದಕ್ಕೆ ಬರುವುದು ಹೆಚ್ಚಾಗಿ ಇದರಿಂದಲೇ. ತಿದ್ದಿಸಲು ತಿಂಗಳುಗಳು ಬೇಕಾಗಬಹುದು. ಮುಂದೆ ಗೇರುಬೀಜದ ಕಾರ್ಖಾನೆಯಂಥ, ಪಿಎಫ್ ಕಡಿತವಾಗುವ ಕೆಲಸಕ್ಕೆ ನಿಂತರೆ ಶ್ರಮಯೋಗಿಯ ಸರಕಾರಿ ಪಾಲಿಗೆ ಅಡ್ಡಿ ಬರುತ್ತದೆ, ಅದು ನೆನಪಿರಲಿ.

ಮೀನುಗಾರರಿಗೆ ಬೇರೆ ಉಂಟಾ ಎಂದು ಕೇಳಿದ್ದೀರಿ. ಉಂಟು, ಅದೂ ರಜೆಯ ತಿಂಗಳುಗಳಿಗೆಂದೇ ಮಾಡಿದ್ದು. ಸೊಸೈಟಿಗಳಲ್ಲಿ ಇದನ್ನು ಉಳಿತಾಯ ಪರಿಹಾರ ಯೋಜನೆ ಎನ್ನುತ್ತಾರೆ. ಈಗ ಇದು 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯ ಒಳಗೆ ನಡೆಯುತ್ತಿದೆ. ಮೀನುಗಾರ 1,500 ರೂಪಾಯಿ ಉಳಿಸಬೇಕು, ಒಂಬತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 167ರ ಹತ್ತಿರ. ಅದಕ್ಕೆ ಕೇಂದ್ರ 1,500, ರಾಜ್ಯ 1,500 ಸೇರಿಸಿ, ಒಟ್ಟು 4,500 ರೂಪಾಯಿ ಮೀನುಗಾರಿಕೆ ಇಲ್ಲದ ಮೂರು ತಿಂಗಳಿಗೆ 1,500ರಂತೆ ಬರುತ್ತದೆ. ಪಿಂಚಣಿಯಲ್ಲಿ ಸರಕಾರದ್ದು ಒಂದಕ್ಕೆ ಒಂದು, ಇಲ್ಲಿ ಒಂದಕ್ಕೆ ಎರಡು. 18ರಿಂದ 60ರ ವಯಸ್ಸಿನ, ಆರ್ಥಿಕವಾಗಿ ಹಿಂದುಳಿದ, ಕಡಲನ್ನೇ ನಂಬಿದ ಸಾಂಪ್ರದಾಯಿಕ ಮೀನುಗಾರ ಕುಟುಂಬಗಳಿಗೆ ಇದು. ಹೆಸರು ಸೇರುವುದು ಮೀನುಗಾರರ ಸಹಕಾರಿ ಸಂಘ ಮತ್ತು ಮೀನುಗಾರಿಕೆ ಇಲಾಖೆಯ ಪಟ್ಟಿಯ ಮೂಲಕ. ಸಂಘದ ಸದಸ್ಯತ್ವವಿಲ್ಲದ ಕಲಾಸಿಗಳು ಹೊರಗೆ ಉಳಿಯುವುದು ಇಲ್ಲಿಯೇ. ಬೋಟು ಬದಲಾಯಿಸಿದಂತೆ ಊರು ಬದಲಾಯಿಸುವವರು ಯಾವ ಸಂಘಕ್ಕೂ ಸೇರಿರುವುದಿಲ್ಲ. ನಿಮ್ಮ ಯಜಮಾನರು ಸೇರಿದ್ದಾರಾ ಎಂದು ಮೊದಲು ಕೇಳಿ.

ಇದರಲ್ಲಿ ಒಂದು ನೋವಿನ ಸಂಗತಿಯೂ ಉಂಟು. ಮೀನುಗಾರನ 1,500 ಮೊದಲೇ ಜಮೆಯಾಗಿರುತ್ತದೆ, ಸರಕಾರದ ಪಾಲು ಅನುದಾನ ಬಿಡುಗಡೆಯಾದಾಗ ಬರುತ್ತದೆ. ಆಟಿ ತಿಂಗಳಲ್ಲಿ ಅಕ್ಕಿಗೆಂದು ಕಾದ ಹಣ ಬೋಟು ಕಡಲಿಗಿಳಿದ ಮೇಲೆ ಬಂದದ್ದನ್ನು ನಾನೇ ಕಂಡಿದ್ದೇನೆ. ಹಸಿವಿನ ತಿಂಗಳಿಗೆಂದು ಕೊಡುವ ಹಣ ಹಸಿವಿನ ತಿಂಗಳಲ್ಲೇ ತಲುಪಬೇಕು ಎಂದು ಸಂಘಗಳ ಸಭೆಯಲ್ಲಿ ಗಟ್ಟಿಯಾಗಿ ಕೇಳುವವರು ಬೇಕು. ಅಲ್ಲಿಯ ತನಕ, ಮೇಲೆ ಹೇಳಿದ ಪಿಂಚಣಿಯ 540 ರೂಪಾಯಿಗೆ ಈ ಹಣವನ್ನು ನೆಚ್ಚಬೇಡಿ.

ಅಪಘಾತದ ವಿಮೆಯನ್ನೂ ಹೇಳಿ ಮುಗಿಸುತ್ತೇನೆ. ಮತ್ಸ್ಯ ಸಂಪದದಲ್ಲೇ ಮೀನುಗಾರರ ಗುಂಪು ಅಪಘಾತ ವಿಮೆ ಉಂಟು. ಅದರ ಕಂತನ್ನು ಪೂರ್ತಿ ಸರಕಾರವೇ ಕಟ್ಟುತ್ತದೆ. ನಮ್ಮ ರಾಜ್ಯದಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000 ರೂಪಾಯಿ. 18ರಿಂದ 70ರ ವರೆಗಿನವರಿಗೆ. ಕೈಯಿಂದ ಏನೂ ಕೊಡದ ವಿಮೆಯ ಅಪಾಯವೆಂದರೆ, ಹೆಸರು ಬಿಟ್ಟುಹೋದರೂ ಗೊತ್ತಾಗುವುದಿಲ್ಲ. ಖಾತೆಯಿಂದ ಹಣ ಹೋಗುವ ವಿಮೆಗೆ ಪಾಸ್‌ಬುಕ್ಕಿನಲ್ಲಿ ಗುರುತಿರುತ್ತದೆ, ಇದಕ್ಕೆ ಇಲಾಖೆಯ ಪಟ್ಟಿಯೊಂದೇ ಗುರುತು. ಆಗಸ್ಟಿನಲ್ಲಿ ಬೋಟು ಹೊರಡುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ಈ ವರ್ಷದ ಪಟ್ಟಿಯಲ್ಲಿ ಅವರ ಹೆಸರು, ಆಧಾರ್ ಸಂಖ್ಯೆ, ನಾಮಿನಿಯಾಗಿ ನಿಮ್ಮ ಹೆಸರು ಇದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.

ನಿಮಗೆ ಅಂಥ ಉಚಿತ ವಿಮೆ ಇಲ್ಲ. 20 ರೂಪಾಯಿಯ ಸುರಕ್ಷಾ ಬಿಮಾ ಇಲ್ಲದಿದ್ದರೆ ಈ ವಾರವೇ ಮಾಡಿಸಿ, 2 ಲಕ್ಷದ ವಿಮೆ ಅದು. ಪಿಎಫ್ ಇದ್ದರೂ ಅದಕ್ಕೆ ಅಡ್ಡಿಯಿಲ್ಲ. ತೋಟದಲ್ಲಿ ಹಾವು ಕಚ್ಚಿದರೂ, ಮರದಿಂದ ಬಿದ್ದರೂ ಅದು ಅಪಘಾತವೆಂದೇ ಲೆಕ್ಕ, ಆದರೆ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಬೇಕು. ಹಾವು ಕಚ್ಚಿದಾಗ ಮೊದಲು ನಾಟಿ ಮದ್ದಿಗೆ ಓಡಿ, ಆಮೇಲೆ ಆಸ್ಪತ್ರೆಗೆ ಹೋದ ಮನೆಗಳಲ್ಲಿ ಜೀವವೂ ಉಳಿಯಲಿಲ್ಲ, ಪರಿಹಾರಕ್ಕೆ ತೋರಿಸಲು ಹೊತ್ತಿಗೆ ಸರಿಯಾದ ಚೀಟಿಯೂ ಇರಲಿಲ್ಲ.